ಹ್ಯಾಶ್‌ಮ್ಯಾಪ್ ಮತ್ತು ಆಶ್‌ಮ್ಯಾಪ್

ಹೋದ ವರ್ಷ ನಮ್ಮ ಟೀಮಿಗೆ ಒಬ್ಬ ಫ್ರೆಶರ್ ಬೇಕಿತ್ತು. ಇಂಟರ್‌ವ್ಯೂ ಮಾಡಲು ಕೂತವರಲ್ಲಿ ನಾನೂ ಒಬ್ಬ. ಹಾಸನ ಕಡೆಯ ಹುಡುಗನೊಬ್ಬ ಬಂದಿದ್ದ. ಹ್ಯಾಶ್‌ಮ್ಯಾಪ್ ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದೆ. ಎರಡು ಕೀಗಳು ಒಂದೇ ಜಾಗಕ್ಕೆ ಬಂದು ಬಿದ್ದರೆ ಏನಾಗುತ್ತೆ ಅನ್ನುವವರೆಗೂ ಸರಿಯಾಗಿಯೇ ಹೇಳಿದ. ಆದರೆ ಪ್ರತಿ ಸಲವೂ ಅವನ ಬಾಯಲ್ಲಿ ಅದು ‘ಆಶ್‌ಮ್ಯಾಪ್’. ಕಮ್ಯುನಿಕೇಶನ್ ಅನ್ನುವ ಕಾಲಮ್ಮಿನಲ್ಲಿ ಅವನಿಗೆ 5ಕ್ಕೆ 2 ಕೊಟ್ಟೆ. ಮುಂದಿನ ಸುತ್ತಿಗೆ ಹೋಗಲು 3 ಬೇಕಿತ್ತು.

ಸಂಜೆ ಟ್ರಾಫಿಕ್ಕಿನಲ್ಲಿ ಕೂತಾಗ ಹೊಳೆಯಿತು. ನಾನು ರಾಮನಾಥಪುರದವನು. ಪಿಯುಸಿ ಮುಗಿಯೋವರೆಗೂ ಹಾಸನಕ್ಕೆ ‘ಆಸ್ನ’ ಅಂತಲೇ ಅಂದವನು. ನಮ್ಮವ್ವ ಈಗಲೂ ಕಾವೇರಿಗೆ ‘ಒಳೆ’ ಅನ್ನೋದು. ಹಾಗಿದ್ದಮೇಲೆ ಆ ಹುಡುಗ ಕಳಕೊಂಡ ಅಂಕ ಅವನ ಉತ್ತರಕ್ಕೋ, ‘ಹ’ ಅಕ್ಷರಕ್ಕೋ?

ಇದನ್ನು ಜನರನ್ನೇ ನೇರವಾಗಿ ಕೇಳಿದರೆ ಉಪಯೋಗವಿಲ್ಲ. ‘ಎಲ್ಲರ ಕನ್ನಡವೂ ಚೆಂದ’ ಅಂತಾರೆ. ನನ್ನನ್ನು ಕೇಳಿದ್ದರೆ ನಾನೂ ಹಾಗೇ ಅಂತಿದ್ದೆ. ಈ ಕಷ್ಟಕ್ಕೆ ವ್ಯಾಲೇಸ್ ಲ್ಯಾಂಬರ್ಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಉಪಾಯ ಹೂಡಿ, 1960ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷ್, ಫ್ರೆಂಚ್ ಎರಡನ್ನೂ ಮನೆಮಾತಿನಷ್ಟು ಸಲೀಸಾಗಿ ಆಡಬಲ್ಲ ನಾಲ್ಕು ಜನರಿಂದ ಒಂದೇ ವಿಷಯವನ್ನು ಎರಡೂ ಭಾಷೆಯಲ್ಲಿ ಓದಿಸಿ ರೆಕಾರ್ಡ್ ಮಾಡಿಕೊಂಡರು. ಬೇರೆ ಇಬ್ಬರ ದನಿಯನ್ನೂ ಸೇರಿಸಿ, ಹತ್ತು ಬೇರೆ ಬೇರೆ ಜನರೋ ಎಂಬಂತೆ ವಿದ್ಯಾರ್ಥಿಗಳಿಗೆ ಕೇಳಿಸಿದರು. ‘ದನಿ ಕೇಳಿ ಮನುಷ್ಯ ಎಂಥವನು ಅಂತ ಅಂದಾಜು ಮಾಡಿ’ ಅಂದರು. ಬುದ್ಧಿ, ನಂಬಿಕೆ, ಎತ್ತರ, ಚೆಲುವು ಹೀಗೆ 14 ಗುಣಗಳಿಗೆ ಅಂಕ. ಮಾತಾಡಿದವನು ಅವನೇ, ವಿಷಯವೂ ಅದೇ. ಹಾಗಾಗಿ ಅಂಕದಲ್ಲಿ ವ್ಯತ್ಯಾಸ ಬಂದರೆ ಅದು ಭಾಷೆಗೆ ಬಿದ್ದ ಅಂಕ. ಇಂಗ್ಲಿಷ್ ವೇಷಕ್ಕೆ ಇಂಗ್ಲಿಷಿನವರು ಹೆಚ್ಚು ಕೊಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಫ್ರೆಂಚ್ ಮನೆಮಾತಿನವರೂ ಹತ್ತು ಗುಣಗಳಲ್ಲಿ ಇಂಗ್ಲಿಷ್ ವೇಷವನ್ನೇ ಮೇಲಿಟ್ಟರು. ತಮ್ಮ ಭಾಷೆಯ ವೇಷಕ್ಕೆ ಅವರು ಬಿಟ್ಟುಕೊಟ್ಟಿದ್ದು ದೈವಭಕ್ತಿ ಮತ್ತು ಕರುಣೆ, ಅಷ್ಟೆ.

ಇದನ್ನು ಓದಿದಾಗ ನನ್ನ 2 ಅಂಕ ಮತ್ತೆ ಕಣ್ಣ ಮುಂದೆ ಬಂತು. ನನಗೂ ಎರಡು ಕನ್ನಡ ಬರುತ್ತೆ, ಊರಿನದೊಂದು, ಆಫೀಸಿನದೊಂದು. ನಾನೇ ಯಾಕೆ ಮಾಡಿ ನೋಡಬಾರದು ಅಂತ ಫೋನಿನಲ್ಲಿ ರೆಕಾರ್ಡ್ ಮಾಡಲು ಕೂತೆ.

ಮೊದಲು ಆರಿಸಿಕೊಂಡಿದ್ದು ನಮ್ಮೂರಿನ ಹೊಗೆಸೊಪ್ಪಿನ ಹರಾಜಿನ ಕಥೆ. ಅದು ಕೆಟ್ಟ ಆಯ್ಕೆ. ಹೊಗೆಸೊಪ್ಪಿನ ಬೇಲು, ಗ್ರೇಡು ಅಂತ ಮಾತಾಡುವವನನ್ನು ಯಾವ ಉಚ್ಚಾರದಲ್ಲಿ ಕೇಳಿದರೂ ರೈತನ ಮಗ ಅಂತಲೇ ಅಂದುಕೊಳ್ಳುತ್ತಾರೆ. ಅಂಕ ಬೀಳುವುದು ದನಿಗಲ್ಲ, ವಿಷಯಕ್ಕೆ. ಅದನ್ನು ಬಿಟ್ಟು, ಬಸ್ಸಿನಲ್ಲಿ ಬ್ಯಾಗ್ ಮರೆತವನೊಬ್ಬ ಡಿಪೋಗೆ ಫೋನ್ ಮಾಡುವ ಮಾತು ಬರೆದೆ. ಬ್ಯಾಗನ್ನು ಯಾರು ಬೇಕಾದರೂ ಮರೆಯಬಹುದು.

ಆಮೇಲೆ ಓದುವ ಸಮಸ್ಯೆ. ಹಾಳೆ ಹಿಡಿದು ಓದಲು ಹೊರಟರೆ ಮೇಷ್ಟ್ರ ಮುಂದೆ ನಿಂತ ಹಾಗೆ ‘ಹ’ ತಾನಾಗೇ ಬಂದುಬಿಡುತ್ತೆ. ಊರ ಮಾತು ಓದುವ ಮಾತಲ್ಲ, ಆಡುವ ಮಾತು. ಅದಕ್ಕೆ ನಾಲ್ಕು ಅಂಶ ಮಾತ್ರ ಬರೆದುಕೊಂಡು ಬಾಯಿಗೆ ಬಂದಂತೆ ಹೇಳಿದೆ. ಆಗ ಇನ್ನೊಂದು ತೊಡಕು: ಊರ ಮಾತಿನ ರೆಕಾರ್ಡಿಂಗ್ ಆಫೀಸಿನ ಮಾತಿಗಿಂತ ಬೇಗ ಮುಗಿದಿತ್ತು. ಕೇಳಿದವರು ‘ಅವಸರದ ಮನುಷ್ಯ’ ಅಂದರೆ ಅದು ವೇಗಕ್ಕೆ ಬಂದ ಮಾತೋ ಉಚ್ಚಾರಕ್ಕೆ ಬಂದ ಮಾತೋ, ಹೇಗೆ ಗೊತ್ತಾಗಬೇಕು? ಹತ್ತಾರು ಸಲ ಹೇಳಿ, ಹೊತ್ತು, ನಡುವಿನ ಬಿಡುವು, ದನಿಯ ಜೋರು ಮೂರೂ ಹೆಚ್ಚುಕಡಿಮೆ ಒಂದೇ ಇರುವ ಜೋಡಿಯನ್ನು ಆರಿಸಿದೆ.

ಎರಡನ್ನೂ ಒಂದರ ಹಿಂದೊಂದು ಸಹೋದ್ಯೋಗಿಯೊಬ್ಬರಿಗೆ ಕೇಳಿಸಿದರೆ, ‘ಎರಡೂ ನೀನೇ ಅಲ್ವ ಗುರು!’ ಅಂತ ನಕ್ಕರು. ತಪ್ಪು ನನ್ನದೇ. ಒಂದೇ ವಿಷಯವನ್ನು ಎರಡು ಸಲ ಕೇಳಿದವರು ವಿಷಯ ಬಿಟ್ಟು ಉಚ್ಚಾರವನ್ನೇ ಹಿಡಿಯುತ್ತಾರೆ. ಪರೀಕ್ಷೆ ಯಾವುದರದ್ದು ಅಂತ ತಿಳಿದ ಮೇಲೆ ಎಲ್ಲರೂ ಒಳ್ಳೆಯವರೇ. ನನ್ನ ಪರಿಚಯ ಇಲ್ಲದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ವೇಷ ಮಾತ್ರ, ಅದೂ ಬೇರೆಯವರ ದನಿಗಳ ನಡುವೆ ಕೇಳಿಸಬೇಕು ಅಂತ ಅರ್ಥವಾಯಿತು. ಗೆಳೆಯರ ಗೆಳೆಯರನ್ನು ಹಿಡಿದು ಹಾಗೇ ಮಾಡಿದೆ. ಕೊನೆಗೆ ಒಂದು ಪ್ರಶ್ನೆ ಸೇರಿಸಿದ್ದೆ: ‘ಈ ವ್ಯಕ್ತಿ ಯಾವ ಕಡೆಯವರು?’

ನನ್ನ ಪ್ರಯೋಗವನ್ನು ಮುಳುಗಿಸಿದ್ದು ಆ ಪ್ರಶ್ನೆಯೇ. ಊರ ವೇಷ ಕೇಳಿದವರಲ್ಲಿ ಕೆಲವರು ‘ಮಂಡ್ಯ’ ಅಂದರು. ಒಬ್ಬರು ‘ಕಾಮಿಡಿ ಶೋನಲ್ಲಿ ಬರೋರಾ?’ ಅಂತ ಕೇಳಿದರು. ಹಾಸನದ ಮಾತಿನ ಬಗ್ಗೆ ಅವರ ಅಭಿಪ್ರಾಯ ಅಳೆಯಲು ಹೊರಟರೆ, ಅವರು ಅಂಕ ಕೊಟ್ಟಿದ್ದು ತಮ್ಮ ತಲೆಯಲ್ಲಿದ್ದ ಇನ್ಯಾರಿಗೋ. ಈ ಪ್ರಶ್ನೆ ಕೇಳದೇ ಹೋಗಿದ್ದರೆ ಅಂಕ ಕೂಡಿಸಿ, ಸರಾಸರಿ ತೆಗೆದು, ಖುಷಿಯಾಗಿ ಇರುತ್ತಿದ್ದೆ.

ಸಮಾಧಾನ ಆಗದೆ ಆ ರೆಕಾರ್ಡಿಂಗನ್ನು ಊರಿಗೆ ಕಳಿಸಿ ಅವ್ವನಿಗೆ ಫೋನ್ ಮಾಡಿದೆ.

‘ಯಾವೂರೋನ್ಲಾ ಇವ್ನು? ನಾಟ್ಕದೋನಂಗೆ ಮಾತಾಡ್ತಾವ್ನೆ.’

‘ನಾನೇ ಕಣವ್ವ.’

‘ಸುಮ್ಕಿರು, ನಿನ್ ದನಿ ನಂಗೊತ್ತಿಲ್ವಾ?’

ಮತ್ತೆ ಕೇಳಿಸಿಕೊಂಡಾಗ ಗೊತ್ತಾಯಿತು. ನಾನು ಒಂದೂ ಬಿಡದೆ ಎಲ್ಲ ‘ಹ’ಗಳನ್ನೂ ನುಂಗಿದ್ದೆ, ಮಾತಿಗೊಂದು ‘ಐತೆ’, ‘ಕಣ್ಲಾ’ ತುರುಕಿದ್ದೆ. ಡಿಪೋದವರ ಹತ್ತಿರ ಯಾರಾದರೂ ‘ಕಣ್ಲಾ’ ಅಂತಾರಾ? ಊರಲ್ಲಿ ಯಾರೂ ಹಾಗೆ ಲೆಕ್ಕ ಇಟ್ಟು ಮಾತಾಡಲ್ಲ. ಅವ್ವನೇ ಮನೆಯಲ್ಲಿ ‘ಅಸ’ ಅಂದರೂ ಬ್ಯಾಂಕಿನಲ್ಲಿ ‘ಹಸು ಸಾಲ’ ಅಂತಾಳೆ, ಒಮ್ಮೊಮ್ಮೆ ಗಾಬರಿಯಲ್ಲಿ ಆಸ್ಪತ್ರೆಯನ್ನೂ ‘ಹಾಸ್ಪತ್ರೆ’ ಮಾಡ್ತಾಳೆ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಅನ್ನುವ ಆ ಹದ ನನಗೆ ತಪ್ಪಿಹೋಗಿತ್ತು. ಎರಡೂ ವೇಷ ಆಡುವವನ ಸ್ವಂತ ಮಾತೇ ಆಗಿರಬೇಕು ಅನ್ನೋದು ಈ ವಿಧಾನದ ತಳಪಾಯ. ಯಾರಿಗೂ ಕೇಳಿಸುವ ಮುಂಚೆ ಆಯಾ ಊರಿನವರಿಂದ ‘ಹೌದು, ಇವನು ನಮ್ಮವನೇ’ ಅನ್ನಿಸಿಕೊಂಡಿರಬೇಕು. ನಾನು ಅವ್ವನನ್ನು ಕೊನೆಯಲ್ಲಿ ಕೇಳಿದ್ದೆ.

ಹಾಗಾಗಿ ಬಂದ ಅಂಕಗಳನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಅದು ನನ್ನ ಮಿಮಿಕ್ರಿಗೆ ಬಿದ್ದ ಅಂಕ. ಇನ್ನೊಮ್ಮೆ ಮಾಡಿದರೆ ವಾರಕ್ಕೊಮ್ಮೆ ಊರಿಗೆ ಹೋಗಿಬರುವ, ಎರಡೂ ಕಡೆ ನಿಜವಾಗಿ ಬದುಕುತ್ತಿರುವ ನಾಲ್ಕೈದು ಜನರನ್ನು ಹುಡುಕುತ್ತೇನೆ. ಒಬ್ಬನದೇ ದನಿಯಾದರೆ ಫಲಿತಾಂಶವೂ ಆ ಒಬ್ಬನ ಬಗ್ಗೆಯೇ. ಅಷ್ಟಾದರೂ ಅದು ಹೇಳುವುದು ಅಪರಿಚಿತ ದನಿಯೊಂದರ ಬಗ್ಗೆ ಜನರಿಗೆ ಹುಟ್ಟುವ ಮೊದಲ ಅನಿಸಿಕೆಯನ್ನು ಮಾತ್ರ. ಇಂಟರ್‌ವ್ಯೂ ಕೋಣೆಯಲ್ಲಿ ಆ ದಿನ ನಾನು ಯಾಕೆ 2 ಬರೆದೆ ಅಂತ ಯಾವ ಪ್ರಯೋಗವೂ ಹೇಳಲಾರದು. ಅದನ್ನು ನಾನೇ ಒಪ್ಪಿಕೊಳ್ಳಬೇಕು.

ಈಗ ಇಂಟರ್‌ವ್ಯೂ ಇದ್ದಾಗ ಉತ್ತರಗಳ ಅಂಕವನ್ನು ಮೊದಲು ಬರೆದುಬಿಡುತ್ತೇನೆ. ಕಮ್ಯುನಿಕೇಶನ್ ಕಾಲಮ್ಮಿಗೆ ಬಂದಾಗ ಕೇಳಿಕೊಳ್ಳೋದು ಒಂದೇ: ಇವರು ಹೇಳಿದ್ದರಲ್ಲಿ ನನಗೆ ಅರ್ಥವಾಗದ್ದು ಏನಾದರೂ ಇತ್ತಾ? ‘ಆಶ್‌ಮ್ಯಾಪ್’ ನನಗೆ ಮೊದಲ ಸಲಕ್ಕೇ ಅರ್ಥವಾಗಿತ್ತು.