ಅಪ್ಪನ ಕಾರು, ಮೇ ತಿಂಗಳ ರಾಯಚೂರು ಮತ್ತು ಒಂದು ಚೊಂಬು ನೀರು

ಅಪ್ಪ ರಾಯಚೂರಲ್ಲಿ ಟ್ಯಾಕ್ಸಿ ಓಡಿಸ್ತಾರೆ. ಒಂದೇ ಕಾರು, ಬಿಳಿ ಬಣ್ಣದ್ದು, ಹಳದಿ ಬೋರ್ಡು. ನನ್ನ ಇಂಜಿನಿಯರಿಂಗ್ ಫೀಸು ಅದಕ್ಕಿಂತ ಹಿಂದಿನ ಕಾರಿನಿಂದ ಬಂದದ್ದು. ಕಳೆದ ಮೇ ತಿಂಗಳಲ್ಲಿ ಎರಡು ವಾರ ಮನೆಯಿಂದಲೇ ಕೆಲಸ ಮಾಡಲು ಊರಿಗೆ ಹೋಗಿದ್ದೆ. ಒಂದು ಶುಕ್ರವಾರ ರಜೆ ಹಾಕಿದ್ದೆ, ಯಾವ ಘನಕಾರ್ಯಕ್ಕೂ ಅಲ್ಲ, ಮಧ್ಯಾಹ್ನ ಮಲಗೋಣ ಅಂತ. ಮಲಗಲಿಲ್ಲ.

ಅವತ್ತು ಅಪ್ಪನಿಗೆ ದೊಡ್ಡ ಬಾಡಿಗೆ ಇತ್ತು. ನಮ್ಮ ಓಣಿಯ ನಿವೃತ್ತ ಮಾಸ್ತರು ಮತ್ತು ಅವರ ಹೆಂಡತಿ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದರು. ರಾತ್ರಿ ಒಂಬತ್ತೂವರೆಗೆ ಹೈದರಾಬಾದಿನ ಶಂಶಾಬಾದಿನಿಂದ ವಿಮಾನ. ನಮ್ಮೂರಿಂದ ಅಲ್ಲಿಗೆ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಕೃಷ್ಣಾ ನದಿ ದಾಟಿ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ, ಶಾದ್‌ನಗರ. ನಾಲ್ಕು ತಾಸಿನ ದಾರಿ. ಮಧ್ಯಾಹ್ನ ಹನ್ನೆರಡೂವರೆಗೆ ಹೊರಡೋದು ಅಂತ ಆಗಿತ್ತು. ಮಾಸ್ತರಿಗೆ ವಯಸ್ಸು ಎಪ್ಪತ್ತು ದಾಟಿದೆ, ಎರಡು ವರ್ಷದ ಹಿಂದೆ ಬೈಪಾಸ್ ಆಗಿದೆ.

ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಸ್ಟೇಷನ್ನಿಗೆ ಒಂದು ಚಿಕ್ಕ ಬಾಡಿಗೆ ಮುಗಿಸಿ ಬಂದವರು ಕಾರಿನಿಂದ ಇಳಿಯಲೇ ಇಲ್ಲ. ಸ್ಟೀರಿಂಗ್ ಮೇಲೆ ಕೈ ಇಟ್ಟು ಸುಮ್ಮನೆ ಕೂತಿದ್ದರು.

"ಎಸಿ ಬಿಸಿ ಗಾಳಿ ಹೊಡಿಲಿಕತ್ತದ," ಅಂದರು.

ಬೆಂಗಳೂರಿನವರಿಗೆ ಇದು ಕಿಟಕಿ ಇಳಿಸಿದರೆ ಮುಗಿಯುವ ಸಮಸ್ಯೆ ಅನ್ನಿಸಬಹುದು. ನಮ್ಮೂರಲ್ಲಿ ಮೇ ಮಧ್ಯಾಹ್ನ 42-43 ಡಿಗ್ರಿ. ನಮ್ಮ ಚರ್ಮದ ಬಿಸಿಯೇ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾಗಿದ್ದಾಗ ಕಿಟಕಿಯಿಂದ ಬೀಸುವ ಗಾಳಿ ಮೈಗೆ ಶಾಖವನ್ನು ತಂದೇ ಹಾಕುತ್ತೆ. ಆಗ ಮೈ ತಣ್ಣಗಾಗಲು ಉಳಿಯುವ ದಾರಿ ಬೆವರು ಆರೋದು ಒಂದೇ. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆಯೂ ಬೇಗ ಗೊತ್ತಾಗಲ್ಲ. ಬೈಪಾಸ್ ಆದವರನ್ನು ನಾಲ್ಕು ತಾಸು ಹಾಗೆ ಕೂರಿಸಿ ಕರೆದೊಯ್ಯೋಕೆ ಆಗಲ್ಲ.

ಮೊದಲು ಹೋದದ್ದು ಹತ್ತಿರದ ಒಂದು ಎಸಿ ಅಂಗಡಿಗೆ. ಹುಡುಗ ಬಾನೆಟ್ ಕೂಡ ಸರಿಯಾಗಿ ತೆಗೆಯಲಿಲ್ಲ. "ಗ್ಯಾಸ್ ಖಾಲಿ ಆಗ್ಯದ ಅಣ್ಣಾ, ತುಂಬಿ ಕೊಡ್ತೀನಿ, ಎರಡು ಸಾವಿರ" ಅಂದ. ನಾನು ಫೋನ್ ತೆಗೆದು ದುಡ್ಡು ಕಳಿಸೋಕೆ ರೆಡಿ. ಸಮಯ ಇಲ್ಲ, ಎರಡು ಸಾವಿರ ತಾನೆ.

ಅಪ್ಪ ತಡೆದರು. "ಗ್ಯಾಸ್ ಪೆಟ್ರೋಲ್ ಅಲ್ಲಪಾ, ಉರಿದು ಖಾಲಿ ಆಗ್ಲಿಕ್ಕೆ. ಪೈಪಿನೊಳಗ ಸುತ್ತತಿರ್ತದ. ಖಾಲಿ ಆಗ್ಯದ ಅಂದ್ರ ಎಲ್ಲೋ ಸೋರ್ಯದ. ಎಲ್ಲಿ ಸೋರ್ಯದ ಅಂತ ಹೇಳು ಮೊದಲ." ಹುಡುಗ ಮೊಬೈಲ್ ನೋಡತೊಡಗಿದ. ನಾವು ಹೊರಟೆವು.

ದಾರಿಯಲ್ಲಿ ನನಗೊಂದು ವಿಚಿತ್ರ ಕಂಡಿತು. ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿ ಗಾಳಿ, ಕಾರು ಅರವತ್ತರಲ್ಲಿ ಓಡುವಾಗ ತಣ್ಣನೆಯ ಗಾಳಿ. ನಮ್ಮ ಕೆಲಸದಲ್ಲಿ ಇಂಥದ್ದು ಸಿಕ್ಕರೆ ಅರ್ಧ ಗೆದ್ದ ಹಾಗೆ. ಯಾವಾಗಲೂ ಕೆಡೋ ಪ್ರೋಗ್ರಾಮಿಗಿಂತ ಯಾವ ಸ್ಥಿತಿಯಲ್ಲಿ ಮಾತ್ರ ಕೆಡುತ್ತೆ ಅಂತ ಗೊತ್ತಿರೋದನ್ನು ಹುಡುಕೋದು ಸುಲಭ. ಅಪ್ಪನಿಗೆ ಹೇಳಿದೆ. "ನನಗೂ ಅದ ಅನುಮಾನ" ಅಂದರು. ಒಂದು ಬೇವಿನ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಇಂಜಿನ್ ಮತ್ತು ಎಸಿ ಎರಡನ್ನೂ ಆನ್ ಇಟ್ಟು ಬಾನೆಟ್ ತೆಗೆದರು.

ಎಸಿ ಹೇಗೆ ಕೆಲಸ ಮಾಡುತ್ತೆ ಅಂತ ಅವತ್ತು ಅಪ್ಪ ಹೇಳಿದಷ್ಟು ಸ್ಪಷ್ಟವಾಗಿ ನನಗೆ ಕಾಲೇಜಿನಲ್ಲಿ ಅರ್ಥ ಆಗಿರಲಿಲ್ಲ. ಎಸಿ ತಂಪನ್ನು ತಯಾರಿಸಲ್ಲ. ಕಾರಿನೊಳಗಿನ ಶಾಖವನ್ನು ಹೊತ್ತು ತಂದು ಹೊರಗೆ ಎಸೆಯುತ್ತೆ. ಎಸೆಯುವ ಜಾಗ ಅಂದರೆ ಮುಂದಿನ ಜಾಲರಿಯ ಹಿಂದೆ, ರೇಡಿಯೇಟರಿಗೂ ಮುಂದೆ ಇರುವ ಕಂಡೆನ್ಸರ್. ಕಾರು ಓಡುವಾಗ ಎದುರುಗಾಳಿ ಅದರ ಶಾಖ ಒಯ್ಯುತ್ತೆ. ನಿಂತಾಗ ಆ ಕೆಲಸ ಫ್ಯಾನಿನದ್ದು. ಫ್ಯಾನ್ ನಿಂತರೆ ಶಾಖ ಹೋಗಲು ಜಾಗವಿಲ್ಲದೆ ಪೈಪಿನೊಳಗೆ ಒತ್ತಡ ಏರುತ್ತೆ. ಸುಮಾರು 30 ಬಾರ್ ಹತ್ತಿರ ಬಂದರೆ ಒಂದು ಸ್ವಿಚ್ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತೆ. ಇಲ್ಲದಿದ್ದರೆ ಪೈಪೋ ಕಂಪ್ರೆಸರೋ ಹೋಗುತ್ತೆ.

ನೋಡಿದರೆ ನಿಜಕ್ಕೂ ಹಾಗೇ ಆಯಿತು. 'ಟಕ್' ಅಂತ ಕಂಪ್ರೆಸರಿನ ಕ್ಲಚ್ ಹಿಡಿಯಿತು, ಸ್ವಲ್ಪ ಹೊತ್ತು ತಿರುಗಿತು, ಮತ್ತೆ 'ಟಕ್' ಅಂತ ಬಿಟ್ಟಿತು. ಈ ಕಾರಿನಲ್ಲಿ ಎರಡು ಫ್ಯಾನು, ರೇಡಿಯೇಟರಿಗೊಂದು, ಎಸಿಗೊಂದು. ರೇಡಿಯೇಟರಿನದ್ದು ತಿರುಗುತ್ತಿತ್ತು, ಅದಕ್ಕೇ ಇಂಜಿನ್ ಬಿಸಿಯ ಮುಳ್ಳು ಮೇಲೇರಿರಲಿಲ್ಲ. ಎಸಿಯದ್ದು ಅಲುಗಾಡದೆ ನಿಂತಿತ್ತು.

ಆದರೂ ನನಗೊಂದು ಸಂಶಯ. ಗ್ಯಾಸ್ ಕಡಿಮೆ ಇದ್ದರೂ ಇಂಜಿನ್ ಜೋರಾಗಿ ತಿರುಗುವಾಗ ಸ್ವಲ್ಪ ತಂಪು ಬರಬಹುದಲ್ಲ? ಅಪ್ಪ ಜಗಳ ಆಡಲಿಲ್ಲ. "ಆಕ್ಸಿಲರೇಟರ್ ಒತ್ತು" ಅಂದರು. ನಿಂತಲ್ಲೇ ಇಂಜಿನ್ ಎರಡು ಸಾವಿರದಲ್ಲಿ ತಿರುಗಿಸಿದೆ. ತಂಪು ಬರಲಿಲ್ಲ. ಆಮೇಲೆ ಅಪ್ಪ ಎದುರಿನ ಚಹಾ ಅಂಗಡಿಯಿಂದ ಒಂದು ಚೊಂಬು ನೀರು ತಂದು, ಮುಂದಿನ ಜಾಲರಿಯೊಳಗಿಂದ ಕಂಡೆನ್ಸರ್ ಮೇಲೆ ನಿಧಾನಕ್ಕೆ ಸುರಿದರು. ಅರ್ಧ ನಿಮಿಷದಲ್ಲಿ ಒಳಗೆ ಕೂತ ನನ್ನ ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಗ್ಯಾಸ್ ಇದೆ, ಕಂಪ್ರೆಸರ್ ಚೆನ್ನಾಗಿದೆ. ಶಾಖ ಹೋಗುತ್ತಿಲ್ಲ, ಅಷ್ಟೇ. ಗ್ಯಾಸ್ ಮೇಲೆ ಗ್ಯಾಸ್ ತುಂಬಿಸಿದ್ದರೆ ಒತ್ತಡ ಇನ್ನೂ ಬೇಗ ಏರುತ್ತಿತ್ತು. ಎರಡು ಸಾವಿರ ಕೊಟ್ಟು ರೋಗ ಹೆಚ್ಚಿಸಿಕೊಳ್ಳುತ್ತಿದ್ದೆವು.

ಗಂಜ್ ಹತ್ತಿರ ಅಪ್ಪನಿಗೆ ಪರಿಚಯದ ಒಬ್ಬ ವಯಸ್ಸಾದ ಆಟೊ ಎಲೆಕ್ಟ್ರಿಷಿಯನ್ ಇದ್ದಾರೆ. ಹತ್ತೂಕಾಲಿಗೆ ಅಲ್ಲಿದ್ದೆವು. ಅವರು ಮೊದಲು ಫ್ಯೂಸ್ ನೋಡಿದರು, ಸರಿ ಇತ್ತು. ಹಾರ್ನಿನ ರಿಲೇ ಕಿತ್ತು ಫ್ಯಾನಿನ ರಿಲೇ ಜಾಗಕ್ಕೆ ಹಾಕಿದರು, ಎರಡೂ ಒಂದೇ ಜಾತಿಯವು. ಫ್ಯಾನ್ ತಿರುಗಲಿಲ್ಲ. ಫ್ಯಾನಿನ ಸಾಕೆಟ್ ಬಿಚ್ಚಿ ಟೆಸ್ಟ್ ಲ್ಯಾಂಪ್ ಇಟ್ಟರು, ಲ್ಯಾಂಪ್ ಹತ್ತಿತು. ಅಂದರೆ ಕರೆಂಟು ಮೋಟಾರಿನ ಬಾಗಿಲ ತನಕ ಬರುತ್ತಿದೆ. ಸಾಕೆಟ್ ಮತ್ತೆ ಹಾಕಿ, ಸ್ಕ್ರೂಡ್ರೈವರ್ ಹಿಡಿಕೆಯಿಂದ ಮೋಟಾರಿನ ಬೆನ್ನಿಗೆ ಎರಡು ಸಲ ಮೆಲ್ಲಗೆ ತಟ್ಟಿದರು. ಫ್ಯಾನ್ ಗರ್ರನೆ ತಿರುಗಿ, ಹತ್ತು ಸೆಕೆಂಡಿಗೆ ಮತ್ತೆ ನಿಂತಿತು.

"ಕಾರ್ಬನ್ ಸವದಾವ," ಅಂದರು. ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಎರಡು ಚಿಕ್ಕ ಕಾರ್ಬನ್ ತುಂಡುಗಳಿರುತ್ತವೆ. ಸವೆದು ಗಿಡ್ಡವಾದರೆ ಸರಿಯಾಗಿ ತಾಗಲ್ಲ. ತಟ್ಟಿದರೆ ಒಂದು ಕ್ಷಣ ತಾಗುತ್ತೆ.

ಹೊಸ ಮೋಟಾರ್ ಹೈದರಾಬಾದಿನಿಂದ ಬರಬೇಕು, ಸಂಜೆಗೆ. ಅವರು ಡಬ್ಬಿ ಹುಡುಕಿ ಸ್ವಲ್ಪ ದೊಡ್ಡ ಅಳತೆಯ ಕಾರ್ಬನ್ ತೆಗೆದು, ಒರೆಗೆ ಉಜ್ಜಿ ಉಜ್ಜಿ ಅಳತೆಗೆ ತಂದು, ಬೆಸುಗೆ ಹಾಕಿ ಕೂರಿಸಿದರು. ಹನ್ನೊಂದೂ ಮುಕ್ಕಾಲಿಗೆ ಫ್ಯಾನ್ ತಿರುಗಿತು. ಆರುನೂರು ರೂಪಾಯಿ. "ಆದ್ರ ಒಳಗ ಕಮ್ಯುಟೇಟರ್‌ಗೆ ಗೆರಿ ಬಿದ್ದಾವ. ಇವತ್ತು ನಡಿತದ ಅಂತೀನಿ, ಗ್ಯಾರಂಟಿ ಕೊಡಂಗಿಲ್ಲ" ಅಂದರು.

ಮನೆಗೆ ಬರುವಾಗ ಅಪ್ಪ ಮಾಸ್ತರಿಗೆ ಫೋನ್ ಮಾಡಲು ಹೊರಟರು. ನಾನು ಬೇಡ ಅಂದೆ. ಈಗ ಸರಿಯಾಗಿದೆಯಲ್ಲ, ಹೇಳಿದರೆ ಅವರು ಬೇರೆ ಗಾಡಿ ಹಿಡಿಯುತ್ತಾರೆ. ಹೋದರೆ ಐದು ಸಾವಿರದ ಬಾಡಿಗೆ. ಆ ತಿಂಗಳ ಕಂತಿಗೆ ಅಪ್ಪನಿಗೆ ಎಷ್ಟು ಕಡಿಮೆ ಬಿದ್ದಿದೆ ಅಂತ ಅಮ್ಮ ನನಗೆ ಹೇಳಿದ್ದಳು.

"ಗಾಡಿ ನಂದು, ಜೀವ ಅವರದು," ಅಂದು ಅಪ್ಪ ಫೋನ್ ಹಚ್ಚಿದರು. "ಮಾಸ್ತರ, ಎಸಿ ಫ್ಯಾನ್ ಕೆಟ್ಟಿತ್ರಿ, ರಿಪೇರಿ ಆಗ್ಯದ, ಆದ್ರ ಪೂರಾ ನಂಬಿಕಿಲ್ಲ. ಮುಂಜಾನಿನೇ ಹೇಳಬೇಕಿತ್ತು, ತಪ್ಪಾತು. ಬ್ಯಾರೆ ಗಾಡಿ ಬೇಕಂದ್ರ ನಾನೇ ಮಾಡಿ ಕೊಡ್ತೀನ್ರಿ." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮಾಸ್ತರು ಕೇಳಿದ್ದು ಒಂದೇ: "ಕೆಟ್ರ ಏನ್ ಮಾಡ್ತಿ?"

ಅಪ್ಪನ ಹತ್ತಿರ ಉತ್ತರ ಇತ್ತು. ಓಡುವಾಗ ಫ್ಯಾನ್ ಬೇಕಿಲ್ಲ, ಆದ್ದರಿಂದ ಎಲ್ಲೂ ಬಿಸಿಲಲ್ಲಿ ನಿಲ್ಲಿಸೋದಿಲ್ಲ. ಡಿಕ್ಕಿಯಲ್ಲಿ ಇಪ್ಪತ್ತು ಲೀಟರ್ ನೀರಿನ ಕ್ಯಾನು. ಸುರಿಯೋಕೆ ಮಗ ಜೊತೆಗೆ ಬರ್ತಾನೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಹನ್ನೆರಡೂವರೆಗೆ ಹೊರಟೆವು. ಹೊರಡುವ ಮುಂಚೆ ಅಪ್ಪ ಬಾಗಿಲುಗಳನ್ನೆಲ್ಲ ಐದು ನಿಮಿಷ ತೆರೆದಿಟ್ಟು ಒಳಗಿನ ಬೆಂಕಿಯಂಥ ಗಾಳಿ ಹೊರಹಾಕಿದರು, ಆಮೇಲೆ ಎಸಿ. ಒಳಗೆ ತಂಪಾದ ಮೇಲೆ ಹೊರಗಿನ ಗಾಳಿ ಬರದಂತೆ ಮುಚ್ಚಿದರು. ಕೃಷ್ಣಾ ಸೇತುವೆ, ಮಕ್ತಲ್ ಎಲ್ಲ ಆರಾಮಾಗಿ ದಾಟಿತು. ಮಾಸ್ತರು ನಿದ್ದೆ ಹೋದರು. ನಾನು ಮಾತ್ರ ಗಾಳಿ ಬರುವ ಕಿಂಡಿಗೆ ಕೈ ಹಿಡಿದು ಕೂತಿದ್ದೆ, ಮಗುವಿನ ಜ್ವರ ನೋಡುವವರ ಹಾಗೆ.

ಮಹಬೂಬ್‌ನಗರದ ಪೇಟೆಯಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದಾಗ ಕೈಗೆ ಗಾಳಿ ಉಗುರುಬೆಚ್ಚಗಾಯಿತು. ಫ್ಯಾನ್ ಹೋಯಿತು. ಅಪ್ಪ ಒಂದು ಗೋದಾಮಿನ ನೆರಳಿಗೆ ಕಾರು ಎಳೆದರು. ನಾನು ಮುಂದಿನಿಂದ ಜಾಲರಿಗೆ ನೀರು ಸುರಿದೆ, ಹಿಂದಿನ ಮೋಟಾರಿಗೆ ತಾಗದಂತೆ, ಕೈ ಒಳಗೆ ಹಾಕದೆ, ಏಕೆಂದರೆ ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು. ಮತ್ತೆ ತಂಪು. ಲಾರಿ ಸಾಲು ಕರಗುವ ತನಕ ಮೂರು ಸಲ ಸುರಿದೆ. ಜಡ್ಚರ್ಲಾದಲ್ಲಿ ಹೆದ್ದಾರಿ ಸಿಕ್ಕ ಮೇಲೆ ಎದುರುಗಾಳಿಯೇ ಕೆಲಸ ಮಾಡಿತು. ಐದಕ್ಕೆ ಸ್ವಲ್ಪ ಮುಂಚೆ ಶಂಶಾಬಾದ್. ಮಾಸ್ತರು ಮಾತಾದಷ್ಟು ಕೊಟ್ಟು, "ನೀ ಹೇಳಿದ್ದಕ್ಕ ನಾ ಬಂದೆ" ಅಂದರು.

ವಾಪಸ್ ಹೊರಟಾಗ ಇನ್ನೂ ಬಿಸಿಲಿತ್ತು. ಅಪ್ಪ ಎಸಿ ಆಫ್ ಮಾಡಿ ಕಿಟಕಿ ಇಳಿಸಿದರು. ಹೆದ್ದಾರಿ ತಾನೆ, ಫ್ಯಾನ್ ಬೇಕಿಲ್ಲವಲ್ಲ ಅಂದೆ.

"ಖಾಲಿ ಗಾಡ್ಯಾಗ ನಾ ಎಸಿ ಹಾಕಂಗಿಲ್ಲಪಾ. ಡೀಸೆಲ್ ಉಳಿತದ."

"ಯಾವಾಗಿಂದ?"

"ನಿನ್ನ ಫಸ್ಟ್ ಸೆಮಿಸ್ಟರ್‌ನಿಂದ."

ನಾನು ಕೈ ಚಾಚಿ ಎಸಿ ಹಾಕಿದೆ, ಕಿಟಕಿ ಏರಿಸಿದೆ. ಅಪ್ಪ ಏನೂ ಅನ್ನಲಿಲ್ಲ. ಶಾದ್‌ನಗರದ ಹತ್ತಿರದ ಟೋಲ್‌ನಲ್ಲಿ ನಿಂತಾಗ ಮತ್ತೆ ಬಿಸಿಯಾಯಿತು. ಕ್ಯಾನಿನಲ್ಲಿ ಇನ್ನೂ ನೀರಿತ್ತು. ಟೋಲ್ ದಾಟಿ ಪಕ್ಕಕ್ಕೆ ನಿಲ್ಲಿಸಲು ಹೇಳಿ, ಇಳಿದು ಒಂದು ಚೊಂಬು ಸುರಿದು ಬಂದೆ.