ಬಸ್ಸು ಶಹಾಪುರದಾಗ ಅದ, ಹೊಂಟದ್ದು ಎಲ್ಲಿಗೆ?

ಹೋದ ಸಲ ಊರಿಗೆ ಹೋದಾಗ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಶಹಾಪುರದ ಅಕ್ಕನ ಮನೆ ಸೇರಿದ್ದೇ ತಡ, ಅವಳ ಮಗಳು ಜೆರಾಕ್ಸ್ ಹಾಳೆಗಳ ಕಟ್ಟೊಂದನ್ನು ತಂದು ಮುಂದಿಟ್ಟಳು. ಅವಳು ಸುರಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ಅಲೆಗಳ ಪೇಪರಿನಲ್ಲಿ ಪಾಸಾಗಲು ನಾಲ್ಕು ಮಾರ್ಕು ಕಮ್ಮಿ ಬಿದ್ದಿತ್ತು. ಉತ್ತರಪತ್ರಿಕೆಯ ನಕಲು ತರಿಸಿಕೊಂಡಿದ್ದಳು. ರೀವ್ಯಾಲ್ಯುಯೇಷನ್ನಿಗೆ ದುಡ್ಡು ಕಟ್ಟಲು ಸೋಮವಾರ ಕಡೆಯ ದಿನ.

“ಮಾಮಾ, ಫಾರ್ಮುಲಾ ಎಲ್ಲಾ ಕರೆಕ್ಟ್ ಬರದೀನಿ. ಹತ್ತಕ್ಕ ಎರಡು ಕೊಟ್ಟಾರ. ನೀನೇ ನೋಡು.”

ಪ್ರಶ್ನೆ ಹೀಗಿತ್ತು. ಒಂದು ತಂತಿಯ ಮೇಲೆ ಅಲೆ ಬಲಕ್ಕೆ ಓಡುತ್ತಿದೆ. ಆಂಪ್ಲಿಟ್ಯೂಡ್ 2 ಸೆಂ.ಮೀ., ಫ್ರೀಕ್ವೆನ್ಸಿ 50 ಹರ್ಟ್ಜ್, ವೇಗ ಸೆಕೆಂಡಿಗೆ 20 ಮೀಟರ್. ಸಮಯ ಸೊನ್ನೆ ಇದ್ದಾಗ x = 0 ಹತ್ತಿರದ ಕಣ 1 ಸೆಂ.ಮೀ. ಮೇಲಿದ್ದು, ಕೆಳಗೆ ಇಳಿಯುತ್ತಿದೆ. ಅಲೆಯ ಸಮೀಕರಣ ಬರೆಯಿರಿ (5). ಕಣದ ಗರಿಷ್ಠ ವೇಗ ಎಷ್ಟು (2)? ಇಂಥದೇ, ಆದರೆ ಫೇಸ್ ಕಾನ್ಸ್ಟಂಟ್ ಸೊನ್ನೆ ಇರುವ ಇನ್ನೊಂದು ಅಲೆ ಇದರೊಂದಿಗೆ ಕೂಡಿದರೆ ಇಂಟೆನ್ಸಿಟಿ ಎಷ್ಟು ಪಟ್ಟಾಗುತ್ತದೆ (3)?

ಅವಳು ಬರೆದದ್ದು ಇಷ್ಟು:

y = 2 sin(314t − 0.157x)
ಗರಿಷ್ಠ ವೇಗ = 2 × 314 = 628 m/s
ಇಂಟೆನ್ಸಿಟಿ = 2 ಪಟ್ಟು

ಎರಡನೇ ಸಾಲಿನಿಂದ ಶುರು ಮಾಡಿದೆವು. ಗಾಳಿಯಲ್ಲಿ ಸದ್ದು ಓಡುವುದೇ ಸೆಕೆಂಡಿಗೆ ಸುಮಾರು 340 ಮೀಟರ್. ಬರೀ 2 ಸೆಂ.ಮೀ. ಮೇಲೆ ಕೆಳಗೆ ಆಡುವ ತಂತಿ ಅದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಜೋರಾಗಿ ಓಡೀತೇ? ಅವಳು ಒಂದು ನಿಮಿಷ ಸುಮ್ಮನಿದ್ದು, “ಸೆಂಟಿಮೀಟರ್ ಇತ್ತು” ಅಂದಳು. 628 ಸೆಂ.ಮೀ. ಅಂದರೆ 6.28 ಮೀಟರ್.

ಮಜಾ ಅಂದರೆ ಅವಳ ಸಮೀಕರಣದಲ್ಲಿ 2 ಮತ್ತು 0.157 ಎರಡೂ ತಪ್ಪಲ್ಲ. ಅಲೆಯ ಉದ್ದ 20 ಭಾಗಿಸು 50, ಅಂದರೆ 0.4 ಮೀಟರ್. ಅದನ್ನು 40 ಸೆಂ.ಮೀ. ಮಾಡಿಕೊಂಡಿದ್ದಾಳೆ, k = 2π/40 = 0.157 ಬಂದಿದೆ. ಕೆಳಗೆ “x, y ಸೆಂ.ಮೀ.ನಲ್ಲಿ” ಅಂತ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ, ಮುಂದಿನ ಸಾಲಿಗೆ ಬರುವಷ್ಟರಲ್ಲಿ ಅವಳಿಗೇ ಮರೆತುಹೋಯಿತು. ಇದನ್ನು ಹಿಡಿಯುವ ಉಪಾಯ ಸರಳ: ω ಅನ್ನು k ಇಂದ ಭಾಗಿಸಿದರೆ ಅಲೆಯ ವೇಗ ವಾಪಸ್ ಬರಬೇಕು. 314 ಭಾಗಿಸು 0.157 ಅಂದರೆ 2000. ಪ್ರಶ್ನೆಯಲ್ಲಿ ಇದ್ದದ್ದು 20. ಆ ನೂರು ಪಟ್ಟಿನ ವ್ಯತ್ಯಾಸ ನೋಡಿದ ತಕ್ಷಣ ನಾವು ಸೆಂಟಿಮೀಟರಿನಲ್ಲಿ ಇದ್ದೇವೆ ಅನ್ನುವುದು ನೆನಪಾಗುತ್ತದೆ.

“ಅದು ಇರ್ಲಿ ಮಾಮಾ. ಸಮೀಕರಣಕ್ಕ ಯಾಕ ಕಟ್ ಮಾಡ್ಯಾರ?”

“ಫೇಸ್ ಕಾನ್ಸ್ಟಂಟ್ ಎಲ್ಲಿ? ಸಮಯ ಸೊನ್ನೆ, x ಸೊನ್ನೆ ಹಾಕಿ ನೋಡು. ನಿನ್ನ ಪ್ರಕಾರ y ಸೊನ್ನೆ ಬರ್ತದ. ಅವ್ರು 1 ಅಂದಾರ. ಎರಡರಾಗ ಒಂದು, ಅಂದ್ರ sin φ = 0.5. φ = π/6 ಬರೀಬೇಕಿತ್ತು.” ಹದಿನಾಲ್ಕು ವರ್ಷದ ಹಿಂದೆ ಬಿ.ಇ. ಮುಗಿಸಿದವನ ಜೋರಿನಲ್ಲಿ ಹೇಳಿಬಿಟ್ಟೆ.

ಅವಳು ಪ್ರಶ್ನೆ ಇನ್ನೊಮ್ಮೆ ಓದಿದಳು. “ಕೆಳಗ ಇಳೀತದ ಅಂತ ಬರದಾರಲ್ಲ ಮಾಮಾ, ಅದಕ್ಕೇನು ಮಾಡೋದು?”

ಪೆನ್ಸಿಲ್ ಕೆಳಗಿಟ್ಟೆ. ನಾನು ಆ ಸಾಲನ್ನು ಓದಿಯೇ ಇರಲಿಲ್ಲ. ಸೈನ್ 0.5 ಆಗುವುದು 30 ಡಿಗ್ರಿಗೆ ಮಾತ್ರವಲ್ಲ, 150 ಡಿಗ್ರಿಗೂ ಆಗುತ್ತದೆ. ಕ್ಯಾಲ್ಕ್ಯುಲೇಟರು ಮೊದಲನೆಯದನ್ನಷ್ಟೇ ತೋರಿಸುತ್ತದೆ.

ಆಗ ಹೊಳೆದದ್ದು ಅವಳು ದಿನಾ ಹತ್ತುವ ಬಸ್ಸು. ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸು ಶಹಾಪುರದ ಮೇಲೆಯೇ ಹೋಗಬೇಕು, ಮರಳಿ ಬರುವಾಗಲೂ ಅದೇ ದಾರಿ. ಬೆಳಿಗ್ಗೆ ಎಂಟಕ್ಕೆ ಬಸ್ಸು ಶಹಾಪುರದಾಗ ಅದ ಅಂತ ಯಾರೋ ಫೋನಿನಲ್ಲಿ ಹೇಳಿದರೆ ಅರ್ಧ ಸಂಗತಿ ಮಾತ್ರ ತಿಳಿಯಿತು. ಅದರ ಮುಖ ಸುರಪುರದ ಕಡೆಗೋ ಯಾದಗಿರಿಯ ಕಡೆಗೋ ಗೊತ್ತಾಗದೆ ಒಂಬತ್ತಕ್ಕೆ ಅದು ಎಲ್ಲಿರುತ್ತದೆ ಅಂತ ಹೇಳಲಾಗದು. ಫೇಸ್ ಕಾನ್ಸ್ಟಂಟ್ ಈ ಎರಡನ್ನೂ ಸೇರಿಸಿ ಹೇಳುತ್ತದೆ: ಎಲ್ಲಿದೆ, ಯಾವ ಕಡೆ ಹೊರಟಿದೆ.

ಕಣದ ವೇಗ Aω cos(ωt − kx + φ). ಶುರುವಿನಲ್ಲಿ ಅದು Aω cos φ. ಇಳಿಯುತ್ತಿದೆ ಅಂದರೆ ಇದು ಮೈನಸ್ ಆಗಬೇಕು. cos 30 ಪ್ಲಸ್, cos 150 ಮೈನಸ್. ಹಾಗಾಗಿ φ = 5π/6, ಮತ್ತು ಮೀಟರಿನಲ್ಲಿ ಬರೆದರೆ:

y = 0.02 sin(314t − 15.7x + 5π/6)

“150 ಅಂತನೇ ಬರದ್ರ?” 314t ರೇಡಿಯನ್ನಿನಲ್ಲಿದೆ, ಅದಕ್ಕೆ ಕೂಡಿಸುವುದೂ ರೇಡಿಯನ್ನೇ ಆಗಬೇಕು. 150 ರೇಡಿಯನ್ ಅಂತ ಕ್ಯಾಲ್ಕ್ಯುಲೇಟರಿಗೆ ಹಾಕಿಸಿದೆ. y ಸುಮಾರು ಮೈನಸ್ 1.4 ಸೆಂ.ಮೀ. ಬಂತು. ಕಣ ಮೇಲಿರುವ ಬದಲು ಕೆಳಗೆ ಹೋಗಿ ಕೂತಿತು.

ಅವಳ ನಿಜವಾದ ಸಿಟ್ಟು ಆಮೇಲೆ ಹೊರಬಂತು. “ನನ್ನ ಗೆಳತಿ π/6 ಬರದಾಳ. ಆಕಿಗಿ ಐದಕ್ಕ ಐದು ಹ್ಯಾಂಗ ಕೊಟ್ರು?” ಪರೀಕ್ಷಕರ ಮೇಲೆ ಅನುಮಾನ ಹುಟ್ಟಿದ್ದೇ ಇಲ್ಲಿಂದ. ಗೆಳತಿ ಹೇಗೆ ಶುರು ಮಾಡಿದ್ದಳು ಅಂತ ಫೋನ್ ಮಾಡಿ ಕೇಳಿಸಿದೆ. sin(kx − ωt + φ) ಅಂದಳಂತೆ. ಆ ರೂಪದಲ್ಲಿ ಸಮಯದ ಮುಂದೆ ಮೈನಸ್ ಇದೆ, ಕಣದ ವೇಗ −Aω cos φ ಆಗುತ್ತದೆ. ಅಲ್ಲಿ ಇಳಿಯಬೇಕಾದರೆ cos φ ಪ್ಲಸ್ ಇರಬೇಕು, ಅಂದರೆ π/6 ಸರಿ. ಸೈನ್ θ ಮತ್ತು ಸೈನ್ (π − θ) ಒಂದೇ ಆದ್ದರಿಂದ ಎರಡು ಉತ್ತರವೂ ಒಂದೇ ಅಲೆ. ಫೇಸ್ ಕಾನ್ಸ್ಟಂಟ್ ತಾನು ಕೂತ ಸಮೀಕರಣದ ಜೊತೆಗೇ ಅರ್ಥ ಕೊಡುತ್ತದೆ. ಪಕ್ಕದವರ ಹಾಳೆಯಿಂದ ಅದೊಂದನ್ನೇ ಎತ್ತಿಕೊಂಡು ಬಂದರೆ ಆಗದು.

ಉಳಿದದ್ದು ಇಂಟೆನ್ಸಿಟಿ. ಅವಳ ಎರಡೂ ಅಲೆಗಳಲ್ಲಿ φ ಇರಲಿಲ್ಲ, ಹಾಗಾಗಿ ಆಂಪ್ಲಿಟ್ಯೂಡ್ ನೇರವಾಗಿ ಕೂಡಿ 2A ಆಯಿತು. ಅದನ್ನೇ ಇಂಟೆನ್ಸಿಟಿ ಅಂದುಕೊಂಡು ಎರಡು ಪಟ್ಟು ಅಂತ ಬರೆದಳು. ಅದೇ ತಂತಿ, ಅದೇ ಫ್ರೀಕ್ವೆನ್ಸಿ ಇದ್ದಾಗ ಅಲೆ ಹೊತ್ತೊಯ್ಯುವ ಶಕ್ತಿ ಆಂಪ್ಲಿಟ್ಯೂಡಿನ ವರ್ಗದಂತೆ ಬದಲಾಗುತ್ತದೆ. ಅವಳ ಲೆಕ್ಕದ ಪ್ರಕಾರವೇ ನಾಲ್ಕು ಪಟ್ಟು ಆಗಬೇಕಿತ್ತು. ನಿಜದಲ್ಲಿ ಎರಡು ಅಲೆಗಳ ನಡುವೆ 150 ಡಿಗ್ರಿ ಅಂತರವಿದೆ. ಒಂದು ಏರುವಾಗ ಇನ್ನೊಂದು ಹೆಚ್ಚುಕಮ್ಮಿ ಇಳಿಯುತ್ತಿರುತ್ತದೆ. ಕೂಡಿದ ಆಂಪ್ಲಿಟ್ಯೂಡ್ 2A cos 75°, ಅಂದರೆ 0.52A. ವರ್ಗ ಮಾಡಿದರೆ 0.27. ಎರಡು ಅಲೆ ಸೇರಿ ಒಂದರ ಕಾಲು ಭಾಗದಷ್ಟಾಗಿವೆ. ಮೊದಲ ಸಾಲಿನಲ್ಲಿ ಬಿಟ್ಟ φ ಇಲ್ಲಿ ಬಂದು ಇಡೀ ಉತ್ತರವನ್ನು ತಲೆಕೆಳಗು ಮಾಡಿತ್ತು.

ಕೊನೆಗೆ ನಾನೇ ಪೆನ್ಸಿಲಿನಲ್ಲಿ ಮಾರ್ಕು ಹಾಕಿದೆ. ω ಮತ್ತು k ಗೆ ಎರಡು. 2 × 314 ಅನ್ನುವ ಹೆಜ್ಜೆಗೆ ಒಂದು ಕೊಡಬಹುದು, ಧಾರಾಳವಾಗಿ. ಮೂರು. ಬೇಕಿದ್ದದ್ದು ಆರು.

ಅವಳು ಮುಖ ಸಣ್ಣದು ಮಾಡಿಕೊಂಡು ಹಾಳೆ ಮಡಚಿದಳು. ಅಕ್ಕ ಒಳಗಿನಿಂದ, “ರೊಕ್ಕ ಕಟ್ಟೋದೋ ಬ್ಯಾಡೋ?” ಅಂತ ಕೇಳಿದಳು.

“ಬ್ಯಾಡವ್ವ. ಆ ರೊಕ್ಕ ಇಡು, ಮತ್ತ ಪರೀಕ್ಷಾ ಫೀಸಿಗಿ ಬೇಕಾಗ್ತದ.”

ಸಂಜೆ ಅದೇ ಲೆಕ್ಕವನ್ನು ಕಣ ಏರುತ್ತಿದೆ ಅಂತ ಬದಲಿಸಿ ಕೊಟ್ಟೆ. ಮಾಡಿ ತಂದಳು. ಉತ್ತರದ ಕೆಳಗೆ ನಾನು ಹೇಳದೆಯೇ ಒಂದು ಸಾಲು ಇತ್ತು: t = 0, x = 0 ಹಾಕಿದರೆ y = 0.01 m, ವೇಗ ಪ್ಲಸ್.