ಕೇಳಬಾರದ ಪ್ರಶ್ನೆ

ಮಲವಗೊಪ್ಪದ ನಮ್ಮ ಹಳೆ ವಿದ್ಯಾರ್ಥಿಗಳ ಸಮಾರಂಭಕ್ಕೆ ಗೂಗಲ್ ಫಾರ್ಮ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಗೆಳೆಯರು ಹಾಕಿಕೊಟ್ಟ ಕರಡಿನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಗಳಿದ್ದವು. ‘ನೀವು ಯಾವ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದಿರಿ?’ ಎಂಬುದರ ಪಕ್ಕ ಕಡ್ಡಾಯದ ಕೆಂಪು ನಕ್ಷತ್ರ. ನಮಗೆ ಪಾಠ ಹೇಳಿದ ಮೇಷ್ಟ್ರು ಅದಕ್ಕೆ ಏನು ಬರೆಯಬೇಕು? ಬರೆಯದಿದ್ದರೆ ಫಾರ್ಮ್ ಮುಂದೆ ಹೋಗುವುದಿಲ್ಲ. ಇದು ನಮಗಲ್ಲ ಬಿಡು ಎಂದು ಅವರು ಫೋನ್ ಕೆಳಗಿಡುತ್ತಾರೆ. ಊಟದ ಲೆಕ್ಕದಲ್ಲಿ ಒಂದು ಎಲೆ ಕಡಿಮೆಯಾಗುತ್ತದೆ. ಎಲೆಗಿಂತ ಹೆಚ್ಚಾಗಿ, ಯಾರಿಗಾಗಿ ಸೇರುತ್ತೇವೋ ಅವರೇ ಹೊರಗುಳಿಯುತ್ತಾರೆ.

ಹಾಗಾಗಿ ಫಾರ್ಮನ್ನು ನಾಲ್ಕು ಭಾಗ ಮಾಡಿದೆ. ಮೊದಲನೆಯದರಲ್ಲಿ ಹೆಸರು, ಫೋನ್ ನಂಬರ್ ಮತ್ತು ‘ಯಾರಾಗಿ ಬರುತ್ತಿದ್ದೀರಿ?’ ಎಂಬ ಪ್ರಶ್ನೆ. ಎರಡನೆಯದು ಹಳೆ ವಿದ್ಯಾರ್ಥಿಗಳಿಗೆ, ಮೂರನೆಯದು ಗುರುಗಳಿಗೆ. ಅವರನ್ನು ಕೇಳುವುದು ಕರೆತರಲು ಗಾಡಿ ಬೇಕೇ ಎಂದಷ್ಟೇ. ನಾಲ್ಕನೆಯದು ಊಟದ್ದು, ಎಲ್ಲರಿಗೂ. ಜೊತೆಗೆ ಬರುವ ಮನೆಯವರು ಮೊದಲನೆಯದರಿಂದ ನೇರ ನಾಲ್ಕಕ್ಕೆ.

ದಾರಿ ಕವಲೊಡೆಯುವುದು ಪ್ರಶ್ನೆಯ ಮೂಲೆಯಲ್ಲಿರುವ ಮೂರು ಚುಕ್ಕಿಗಳ ಒಳಗೆ: Go to section based on answer. ಒಂದೇ ಉತ್ತರ ಆರಿಸುವ ಪ್ರಶ್ನೆಗೆ ಮಾತ್ರ ಇದು ಸಿಗುತ್ತದೆ. ಹಲವು ಉತ್ತರಗಳಿಗೆ ಟಿಕ್ ಹಾಕುವ ಪ್ರಶ್ನೆಗೆ ಇಲ್ಲ.

ಇಷ್ಟು ಮಾಡಿದರೂ ಸಾಲದು. ಕವಲಿಗೆ ಕಳಿಸುವುದು ಒಂದು, ಅಲ್ಲಿಂದ ಹೊರಗೆ ತರುವುದು ಇನ್ನೊಂದು. ಪ್ರತಿ ಭಾಗದ ಕೊನೆಯಲ್ಲಿ, ನಾವು ಬದಲಿಸದಿದ್ದರೆ, ಮುಂದಿನ ಭಾಗಕ್ಕೆ ಹೋಗು ಎಂದೇ ಇರುತ್ತದೆ. ಹಾಗೇ ಬಿಟ್ಟರೆ ಎರಡನೆಯದನ್ನು ಮುಗಿಸಿದ ವಿದ್ಯಾರ್ಥಿ ಮೂರಕ್ಕೆ ಬಂದು, ಗುರುಗಳ ಗಾಡಿಯ ಪ್ರಶ್ನೆಗೆ ಉತ್ತರಿಸುತ್ತಾನೆ. ಅವನನ್ನು ಅಲ್ಲಿಂದ ನಾಲ್ಕಕ್ಕೆ ದಾಟಿಸಬೇಕು.

ಆಮೇಲೆ ನೆನಪಾದವರು ನಮ್ಮ ಅಕ್ಕೋರು. ಅದೇ ಶಾಲೆಯಲ್ಲಿ ಓದಿ, ಅಲ್ಲಿಯೇ ಪಾಠ ಮಾಡಿದವರು. ಒಂದೇ ಉತ್ತರ ಆರಿಸಿ ಎಂದರೆ ಅವರು ಯಾವ ಅರ್ಧವನ್ನು ಬಿಡಬೇಕು? ಅದಕ್ಕೆ ಎರಡನೆಯ ಭಾಗದಲ್ಲಿ ‘ಮುಂದೆ ಇದೇ ಶಾಲೆಯಲ್ಲಿ ಪಾಠ ಮಾಡಿದಿರಾ?’ ಎಂಬ ಕಡ್ಡಾಯ ಪ್ರಶ್ನೆ ಸೇರಿಸಿದೆ. ಹೌದು ಎಂದರೆ ಮೂರಕ್ಕೆ, ಇಲ್ಲ ಎಂದರೆ ನಾಲ್ಕಕ್ಕೆ. ಉತ್ತರಕ್ಕೆ ಕಟ್ಟಿದ ದಾರಿ ಭಾಗದ ಕೊನೆಯ ದಾರಿಗಿಂತ ಮೇಲು. ಹಾಗಾಗಿ ವಿದ್ಯಾರ್ಥಿಯ ತೊಡಕೂ ಇಲ್ಲಿಯೇ ಬಗೆಹರಿಯಿತು.

ಲಿಂಕ್ ಹಂಚುವ ಮುನ್ನ ಕಣ್ಣಿನ ಗುರುತು ಒತ್ತಿ ನಾಲ್ಕು ಸಲ ತುಂಬಿದೆ: ವಿದ್ಯಾರ್ಥಿಯಾಗಿ, ಮೇಷ್ಟ್ರಾಗಿ, ಮನೆಯವರಾಗಿ, ಅಕ್ಕೋರಾಗಿ. ಉತ್ತರಗಳ ಹಾಳೆಯಲ್ಲಿ ಮೇಷ್ಟ್ರ ಸಾಲಿನಲ್ಲಿ ಎಸ್‌ಎಸ್‌ಎಲ್‌ಸಿ ಅಂಕಣ ಖಾಲಿ ಇತ್ತು. ಅಲ್ಲಿ ಖಾಲಿ ಎಂದರೆ ಅವರು ಉತ್ತರಿಸಲಿಲ್ಲ ಎಂದಲ್ಲ, ನಾವು ಕೇಳಲಿಲ್ಲ ಎಂದು. ಊಟದ ಅಂಕಣ ಮಾತ್ರ ಯಾರ ಸಾಲಿನಲ್ಲೂ ಖಾಲಿ ಇರಬಾರದು. ನಾಲ್ಕೂ ಸಾಲುಗಳಲ್ಲಿ ಅದು ತುಂಬಿದ್ದನ್ನು ನೋಡಿ, ಆ ಹುಸಿ ಉತ್ತರಗಳನ್ನು ಅಳಿಸಿ, ಲಿಂಕ್ ಕಳಿಸಿದೆ.